ಶೃಂಗೇರಿಯಲ್ಲಿ ಅಕ್ಷರಾಭ್ಯಾಸಕ್ಕೆ ಮೂರು ಕೊಠಡಿ ಬೇಕು: ನವೆಂಬರ್ 18ರಿಂದ 21, 2026

ಮಠದ ವಸತಿ ವಿಭಾಗದವರಿಗೆ ನಮಸ್ಕಾರ.

ನನ್ನ ಮಗಳು ಅನಘಾಗೆ ಶಾರದಾಂಬೆಯ ಸನ್ನಿಧಿಯಲ್ಲಿ ಅಕ್ಷರಾಭ್ಯಾಸ ಮಾಡಿಸಬೇಕೆಂದಿದ್ದೇವೆ. 1992ರಲ್ಲಿ ನನಗೂ ಅಲ್ಲೇ ಆಗಿತ್ತು. ಕರೆದುಕೊಂಡು ಬಂದಿದ್ದು ನನ್ನ ಅಜ್ಜಿ. ಅವರಿಗೆ ಈಗ 84. ಮರಿಮಗಳದ್ದನ್ನೂ ಕಣ್ಣಾರೆ ನೋಡಬೇಕು ಅಂತ ಹಟ ಹಿಡಿದಿದ್ದಾರೆ, ಹಾಗಾಗಿ ಈ ಪತ್ರದಲ್ಲಿ ಅರ್ಧ ಬೇಡಿಕೆ ಅವರದ್ದೇ.

ನವೆಂಬರ್ 18, ಬುಧವಾರ ಸಂಜೆ ಐದರ ಹೊತ್ತಿಗೆ ಬರುತ್ತೇವೆ. 21, ಶನಿವಾರ ಬೆಳಿಗ್ಗೆ ಹೊರಡುತ್ತೇವೆ. ಒಟ್ಟು ಮೂರು ರಾತ್ರಿ. ಅಕ್ಷರಾಭ್ಯಾಸ ಗುರುವಾರ ಬೆಳಿಗ್ಗೆ ಆದರೆ ಒಳ್ಳೆಯದು. ಶುಕ್ರವಾರ ಏಕಾದಶಿ, ಮರುದಿನ ಉತ್ಥಾನ ದ್ವಾದಶಿ, ಅದನ್ನು ತುಂಗೆಯ ದಡದಲ್ಲೇ ಕಳೆಯಬೇಕೆಂಬುದು ಅಜ್ಜಿಯ ಆಸೆ. ಒಂದೇ ಕುಟುಂಬಕ್ಕೆ ಮೂರು ರಾತ್ರಿ ಕೊಡುವುದಿಲ್ಲ ಅಂದರೆ ಗುರುವಾರ ಬಂದು ಶುಕ್ರವಾರ ಅಕ್ಷರಾಭ್ಯಾಸ ಮಾಡಿಸುತ್ತೇವೆ, ಶನಿವಾರ ಮಾತ್ರ ಬಿಡುವ ಹಾಗಿಲ್ಲ. ನವರಾತ್ರಿಯಲ್ಲಿ ಬರೋಣ ಅಂತ ಮನೆಯಲ್ಲಿ ಮಾತು ಬಂದಿತ್ತು, ಆ ಜನಜಂಗುಳಿಯಲ್ಲಿ ಅಜ್ಜಿಯನ್ನು ಕರೆತರೋಕೆ ನನಗೇ ಧೈರ್ಯ ಬರಲಿಲ್ಲ.

ನಾವು ಹತ್ತು ಜನ, ಏಳು ದೊಡ್ಡವರು, ಮೂರು ಮಕ್ಕಳು. ಅಜ್ಜಿ (84), ಅಪ್ಪ (68), ಅಮ್ಮ (63), ನಾನು (38), ನನ್ನ ಹೆಂಡತಿ (35), ಮಗ (11), ಅನಘಾ (4), ತಂಗಿ (33), ಅವಳ ಗಂಡ (37), ಅವರ ಒಂದು ವರ್ಷ ಎರಡು ತಿಂಗಳ ಮಗು. ಟೆಂಪೊ ಟ್ರಾವೆಲರ್‌ನ ಚಾಲಕರು ಬೇರೆ. ಅವರು ಗಾಡಿಯಲ್ಲೇ ಮಲಗ್ತೀನಿ ಅನ್ನುತ್ತಾರೆ, ಆದರೆ ಇಡೀ ದಿನ ಘಟ್ಟದ ರಸ್ತೆಯಲ್ಲಿ ಓಡಿಸಿದವರನ್ನು ಸೀಟಿನ ಮೇಲೆ ಮಲಗಿಸೋದು ಸರಿಯಲ್ಲ ಅಲ್ವಾ? ಅವರಿಗೆ ಡಾರ್ಮಿಟರಿಯಲ್ಲೋ ಹಾಲ್‌ನಲ್ಲೋ ಒಂದು ಜಾಗ ಸಿಕ್ಕರೆ ಸಾಕು.

ಕೊಠಡಿ ಮೂರು ಸಾಕು. ಅಜ್ಜಿ, ಅಪ್ಪ, ಅಮ್ಮ ಒಂದರಲ್ಲಿ, ಉಳಿದ ಎರಡು ಸಂಸಾರಕ್ಕೆ ಒಂದೊಂದು. ಅಜ್ಜಿಯದ್ದು ಮಾತ್ರ ದಯವಿಟ್ಟು ನೆಲಮಹಡಿಯಲ್ಲಿರಲಿ, ವೆಸ್ಟರ್ನ್ ಕಮೋಡ್ ಇರಲಿ. ಮಂಡಿ ನೋವಿನಿಂದ ಅವರಿಗೆ ಕೆಳಗೆ ಕೂರೋಕೆ ಆಗುವುದಿಲ್ಲ. ಮಿಕ್ಕ ಎರಡು ಯಾವ ಮಹಡಿಯಲ್ಲಿದ್ದರೂ, ಬೇರೆ ಕಟ್ಟಡದಲ್ಲಿದ್ದರೂ ನಡೆಯುತ್ತದೆ. ಎಸಿ ಬೇಡ. ಬೆಳಗಿನ ಜಾವ ಬಿಸಿನೀರು ಬರುತ್ತದೆಯೇ ತಿಳಿಸಿ. ಅಜ್ಜಿ ಐದಕ್ಕೆಲ್ಲ ಸ್ನಾನಕ್ಕೆ ನಿಲ್ಲುತ್ತಾರೆ, ತಣ್ಣೀರಾದರೂ ಸರಿ ಅನ್ನುತ್ತಾರೆ, ನಾವು ಬಿಡುವುದಿಲ್ಲ.

ಇನ್ನು ಊಟ. ಎಲ್ಲರೂ ಮಠದ ಪ್ರಸಾದಕ್ಕೇ ಬರುತ್ತೇವೆ. ಈರುಳ್ಳಿ ಬೆಳ್ಳುಳ್ಳಿ ಮಾತು ಅಲ್ಲಿ ಬರುವುದೇ ಇಲ್ಲ, ಆದರೆ ಒಂದು ವಿಷಯ ಗಂಭೀರ. ನನ್ನ ಮಗನಿಗೆ ಕಡಲೆಕಾಯಿ ಬೀಜ ಆಗುವುದಿಲ್ಲ. ಒಂದೆರಡು ಬೀಜ ಹೊಟ್ಟೆಗೆ ಹೋದರೂ ತುಟಿ ಊದಿ ಉಸಿರಾಟಕ್ಕೆ ತೊಂದರೆಯಾಗುತ್ತದೆ. ಪುಳಿಯೋಗರೆ, ಚಿತ್ರಾನ್ನ, ಕೋಸಂಬರಿ, ಪಲ್ಯ ಯಾವುದಕ್ಕೆ ಬೀಜ ಹಾಕಿದ್ದಾರೆ, ಅಡುಗೆಗೆ ಕಡಲೆಕಾಯಿ ಎಣ್ಣೆ ಬಳಸುತ್ತಾರಾ ಅಂತ ಅಡುಗೆಯವರನ್ನು ಕೇಳಿ ತಿಳಿಸಿ. ಎಣ್ಣೆಯೇ ಅದಾದರೆ ಅವನಿಗೆ ಅನ್ನ ಮೊಸರು ಸಾಕು. ಔಷಧಿ ನಮ್ಮ ಜೊತೆಗಿರುತ್ತದೆ.

ಅಪ್ಪನಿಗೆ ಸಕ್ಕರೆ ಕಾಯಿಲೆ, ಊಟದ ಹೊತ್ತು ತಪ್ಪಿದರೆ ತಲೆ ಸುತ್ತುತ್ತದೆ. ಮಧ್ಯಾಹ್ನ, ರಾತ್ರಿ ಪಂಕ್ತಿ ಎಷ್ಟು ಗಂಟೆಗೆ ಶುರುವಾಗುತ್ತದೆ ಅಂತ ಗೊತ್ತಾದರೆ ಮಾತ್ರೆಯ ಲೆಕ್ಕ ಹಾಕಿಕೊಳ್ಳಬಹುದು. ಪಾಯಸ ಬಡಿಸೋಕೆ ಬಂದಾಗ ಅಮ್ಮ ಕಣ್ಣಲ್ಲೇ ತಡೆಯುತ್ತಾರೆ, ಅದು ನಮ್ಮ ಪಾಡು. ಏಕಾದಶಿಗೆ ಅಜ್ಜಿಯೂ ಅಮ್ಮನೂ ಹಾಲು ಹಣ್ಣಿನಲ್ಲೇ ಇರುತ್ತಾರೆ, ಅದನ್ನು ನಾವೇ ತರುತ್ತೇವೆ. ಆದರೆ ಶನಿವಾರ ಪಾರಣೆ ಬೆಳಿಗ್ಗೆ ಎಷ್ಟು ಹೊತ್ತಿಗೆ ಅಂತ ತಿಳಿಸಿ, ಅದು ಮುಗಿದ ಮೇಲೆಯೇ ಹೊರಡುವುದು. ಮಗುವಿಗೆ ರಾಗಿ ಸರಿ ಕಲಸೋಕೆ ಕುದಿಸಿದ ನೀರು ಸಿಕ್ಕರೆ ಆಯಿತು, ಇಲ್ಲದಿದ್ದರೆ ನಮ್ಮ ವಿದ್ಯುತ್ ಕೆಟಲ್ ಅನ್ನು ಕೊಠಡಿಯಲ್ಲಿ ಬಳಸಬಹುದೇ?

ಅಕ್ಷರಾಭ್ಯಾಸದ ರಸೀದಿಯನ್ನು ಮುಂಚೆಯೇ ಮಾಡಿಸಬೇಕಾ, ಅಥವಾ ಆ ದಿನ ಬೆಳಿಗ್ಗೆ ಕೌಂಟರಿನಲ್ಲಿ ಸಿಗುತ್ತದಾ? ಸ್ಲೇಟು ಬಳಪ ನಾವು ತರಬೇಕಾ? ಸಂಕಲ್ಪಕ್ಕೆ ಬೇಕಾದರೆ ಭಾರದ್ವಾಜ ಗೋತ್ರ, ರೋಹಿಣಿ ನಕ್ಷತ್ರ. ನರಸಿಂಹವನಕ್ಕೆ ಸೇತುವೆ ದಾಟಿ ಹೋಗೋಕೆ ಅಜ್ಜಿಗೆ ಗಾಲಿಕುರ್ಚಿ ಸಿಗುತ್ತದೆಯೇ ಅನ್ನುವುದನ್ನೂ ಹೇಳಿ. ಇಲ್ಲದಿದ್ದರೆ ಬೆಂಗಳೂರಿನಿಂದಲೇ ಬಾಡಿಗೆಗೆ ತರುತ್ತೇನೆ.

ಕೊಠಡಿ ಖಾತ್ರಿಯಾದರೆ ಬರಹದಲ್ಲೇ ತಿಳಿಸಿ, ಮುಂಗಡ ಎಷ್ಟಾದರೂ ಅಂದೇ ಕಳಿಸುತ್ತೇನೆ. ಹಿಂದೊಮ್ಮೆ ಬೇರೊಂದು ಕ್ಷೇತ್ರದಲ್ಲಿ ಫೋನಿನಲ್ಲಿ ಹೂಂ ಅಂದಿದ್ದನ್ನು ನಂಬಿ ಹೋಗಿ, ರಾತ್ರಿ ಹತ್ತಕ್ಕೆ ಚೀಲ ಹೊತ್ತುಕೊಂಡು ಊರೆಲ್ಲ ಲಾಡ್ಜ್ ಹುಡುಕಿದ್ದೇವೆ. ಎಲ್ಲರ ಆಧಾರ್ ಕಾರ್ಡ್ ತರುತ್ತೇವೆ. ಪ್ರತಿಗಳು ಮೊದಲೇ ಬೇಕಿದ್ದರೆ ಹೇಳಿ. ಈ ಇಮೇಲ್‌ಗೇ ಉತ್ತರ ಬರೆದರೆ ಸಾಕು, ದಿನಾ ನೋಡುತ್ತೇನೆ.

ಮೂರು ಕೊಠಡಿ ಆಗದೆ ಎರಡೇ ಇದ್ದರೆ ಅದನ್ನೂ ಹೇಳಿ, ಚಾಪೆ ಹಾಸಿಕೊಳ್ಳುತ್ತೇವೆ. ನೆಲಮಹಡಿಯದ್ದು ಒಂದು ಮಾತ್ರ ಬೇಕೇ ಬೇಕು.

ಇತಿ,
ಶ್ರೀನಿಧಿ
ಬೆಂಗಳೂರು