ವಿಡಿಯೊ ಪ್ರಾಂಪ್ಟ್: ತೀರ್ಥಹಳ್ಳಿಯ ಪೇಟೆಬೀದಿ, ಪುನರ್ವಸು ಮಳೆ, ಕರೆಂಟು ಹೋದ ಸಂಜೆ

ಕಿರುಚಿತ್ರದ ಮೊದಲ ದೃಶ್ಯ. ಎಂಟೆಂಟು ಸೆಕೆಂಡ್‌ಗಳ ಮೂರು ತುಣುಕು. ಒಂದು ತುಣುಕಿನ ಕೊನೆಯ ಫ್ರೇಮ್ ಮುಂದಿನದರ ಮೊದಲ ಫ್ರೇಮ್ ಆಗಬೇಕು. ಜೋಡಿಸಿದಾಗ ಎಲ್ಲಿಯೂ ಕತ್ತರಿ ಬೀಳದ ಒಂದೇ ಶಾಟ್‌ನಂತೆ ಕಾಣಬೇಕು. ಅಳತೆ 16:9, ಸೆಕೆಂಡಿಗೆ 24 ಫ್ರೇಮ್, 35 ಎಂಎಂ ಲೆನ್ಸ್, ನೈಜ ಚಿತ್ರೀಕರಣದ ಶೈಲಿ.

ಸ್ಥಳ ಮತ್ತು ಕಾಲ: ಮಲೆನಾಡಿನ ತೀರ್ಥಹಳ್ಳಿ, 1994ರ ಜುಲೈ ಎರಡನೆಯ ವಾರ, ಸಂಜೆ 6.45. ಸೂರ್ಯ ಮುಳುಗಲು ಇನ್ನೂ ಸ್ವಲ್ಪ ಹೊತ್ತಿದೆ, ಆದರೆ ಮೋಡ ದಟ್ಟವಾಗಿರುವುದರಿಂದ ಆಕಾಶ ಆಗಲೇ ಬೂದುನೀಲಿಗೆ ತಿರುಗಿದೆ. ಆಗುಂಬೆ ಇದೇ ತಾಲ್ಲೂಕಿನಲ್ಲಿದೆ; ಹಾಗಾಗಿ ಇದು ಗುಡುಗಿ ಸುರಿದು ನಿಲ್ಲುವ ಬಯಲುಸೀಮೆಯ ಮಳೆಯಲ್ಲ, ದಿನವಿಡೀ ಒಂದೇ ಲಯದಲ್ಲಿ ಹೊಯ್ಯುವ ಮಳೆ. ಮಿಂಚು ಬೇಡ, ಗುಡುಗು ಬೇಡ. ಕಿರಿದಾದ ಡಾಂಬರು ಬೀದಿ, ಎರಡೂ ಬದಿಯಲ್ಲಿ ಮಂಗಳೂರು ಹೆಂಚಿನ ತಗ್ಗು ಸೂರಿನ ಅಂಗಡಿಗಳು, ಮುಂದೆ ಜಗಲಿ, ಮರದ ಹಲಗೆ ಬಾಗಿಲು. ಗೋಡೆಯ ಬುಡದಲ್ಲಿ ಪಾಚಿಯ ಹಸಿರು, ಅದರ ಮೇಲೆ ಮೊಳಕಾಲೆತ್ತರಕ್ಕೆ ಸಿಡಿದ ಕೆಂಪು ಮಣ್ಣಿನ ಕಲೆ. ಚರಂಡಿಯಲ್ಲಿ ಕೆಂಪು ನೀರು ರಭಸವಾಗಿ ಹರಿಯುತ್ತಿದೆ.

ಮೊದಲ ತುಣುಕು, 0ರಿಂದ 8 ಸೆಕೆಂಡ್. ಕ್ಯಾಮೆರಾ ಬೀದಿಯ ನಡುವೆ, ನೆಲದಿಂದ ಮೊಳಕಾಲಿನಷ್ಟೇ ಎತ್ತರದಲ್ಲಿದೆ. ಇಷ್ಟು ತಗ್ಗಿನಿಂದ ನೋಡಿದಾಗಲೇ ಒದ್ದೆ ಡಾಂಬರು ಬೆಳಕನ್ನು ಚೆನ್ನಾಗಿ ಪ್ರತಿಫಲಿಸುತ್ತದೆ; ಆದ್ದರಿಂದ ಎತ್ತರ ಬದಲಾಗಕೂಡದು. ಡಾಲಿ ಚಲನೆ, ನೇರ ಮುಂದಕ್ಕೆ, ಸೆಕೆಂಡಿಗೆ ಒಂದು ಅಡಿಯ ವೇಗ. ಅಲುಗಾಟವಿಲ್ಲ, ಜೂಮ್ ಇಲ್ಲ. ಎದುರಿನಿಂದ ಕಪ್ಪು ಕೊಡೆ ಹಿಡಿದ ಇಬ್ಬರು ಹೆಂಗಸರು ಮಾತನಾಡುತ್ತ ಬಂದು ಎಡಬದಿಯಿಂದ ದಾಟುತ್ತಾರೆ. ಕಂಬಳಿಕೊಪ್ಪೆ ಹೊದ್ದ ಕೂಲಿಯಾಳೊಬ್ಬ ತಲೆತಗ್ಗಿಸಿ, ಅವಸರವಿಲ್ಲದೆ ಬಲಬದಿಯ ಜಗಲಿಯತ್ತ ನಡೆಯುತ್ತಾನೆ. ದೂರದಲ್ಲಿ ಕೆಂಪು ಬಸ್ಸೊಂದು ಕ್ಯಾಮೆರಾದತ್ತ ಮುಖ ಮಾಡಿ ನಿಂತಿದೆ. ಅದರ ಹೆಡ್‌ಲೈಟ್ ಈ ತುಣುಕಿನ ಮುಖ್ಯ ಬೆಳಕು: ಹಿಂದಿನಿಂದ ಬೆಳಕು ಬಿದ್ದರೆ ಮಾತ್ರ ಮಳೆಯ ಎಳೆಗಳು ಕಾಣಿಸುತ್ತವೆ. ಎಳೆಗಳು ಗಾಳಿಗೆ ಸ್ವಲ್ಪ ಓರೆಯಾಗಿ, ಎಲ್ಲವೂ ಒಂದೇ ದಿಕ್ಕಿಗೆ ಬೀಳಬೇಕು. ಶಟರ್ 1/48 ಸೆಕೆಂಡ್. ದೊಡ್ಡ ಹನಿ ಸೆಕೆಂಡಿಗೆ ಸುಮಾರು ಒಂಬತ್ತು ಮೀಟರ್ ವೇಗದಲ್ಲಿ ಬೀಳುವುದರಿಂದ ಒಂದೊಂದು ಎಳೆ ಗೇಣಿಗಿಂತ ತುಸು ಗಿಡ್ಡವಾಗಿರಬೇಕು. ಆಕಾಶದಿಂದ ನೆಲದವರೆಗೆ ಎಳೆದ ಬಿಳಿ ಗೀಟುಗಳಂತೆ ಮಳೆಯನ್ನು ತೋರಿಸಬೇಡ.

ಬೆಳಕಿನ ಬಣ್ಣ: ಕ್ಯಾಮೆರಾದ ವೈಟ್ ಬ್ಯಾಲೆನ್ಸ್ 4300 ಕೆಲ್ವಿನ್‌ಗೆ ಕಟ್ಟಿಹಾಕಿದೆ. ಹಾಗಾಗಿ ಆಕಾಶ ಮತ್ತು ಒದ್ದೆ ಹೆಂಚು ತಣ್ಣನೆಯ ನೀಲಿ, ಅಂಗಡಿಗಳ 60 ವ್ಯಾಟ್ ಬಲ್ಬುಗಳು ಬೆಚ್ಚನೆಯ ಕಿತ್ತಳೆ. ಜಿನಸಿ ಅಂಗಡಿಯಲ್ಲಿ ಮಾತ್ರ ಒಂದು ಟ್ಯೂಬ್‌ಲೈಟ್, ತುಸು ಹಸಿರು ಛಾಯೆ. ರಸ್ತೆಯ ಮೇಲೆ ಬಲ್ಬಿನ ಪ್ರತಿಬಿಂಬ ದುಂಡಗೆ ಬೀಳದೆ ಕ್ಯಾಮೆರಾದತ್ತ ಉದ್ದಕ್ಕೆ ಹರಿದು, ಹನಿ ಬಿದ್ದಲ್ಲೆಲ್ಲ ಮುರಿಯುತ್ತಿರಬೇಕು. ನೆರಳುಗಳು ಮೃದು. ಕಪ್ಪು ಭಾಗಗಳಲ್ಲಿಯೂ ಹಲಗೆಯ ಗೆರೆ, ಮೂಟೆಯ ಗೋಣಿ ಮಸುಕಾಗಿ ಕಾಣಬೇಕು.

ಎರಡನೆಯ ತುಣುಕು, 8ರಿಂದ 16 ಸೆಕೆಂಡ್. ಮೊದಲ ಸೆಕೆಂಡಿನಲ್ಲಿ ಡಾಲಿ ನಿಧಾನವಾಗುತ್ತ ನಿಲ್ಲುತ್ತದೆ. ಹತ್ತನೆಯ ಸೆಕೆಂಡಿಗೆ ಕರೆಂಟು ಹೋಗುತ್ತದೆ: ಎಲ್ಲ ಬಲ್ಬು, ಟ್ಯೂಬ್‌ಲೈಟ್ ಒಟ್ಟಿಗೆ, ಮಿಣುಕದೆ, ಒಮ್ಮೆಲೇ ಆರುತ್ತವೆ. ಬಸ್ಸಿನ ಹೆಡ್‌ಲೈಟ್ ಉಳಿಯುತ್ತದೆ. ಎಕ್ಸ್‌ಪೋಷರ್ ಬದಲಾಗಕೂಡದು, ಕತ್ತಲಾಯಿತೆಂದು ಚಿತ್ರವನ್ನು ಬೆಳಗಿಸಬೇಡ. ಕಿತ್ತಳೆ ಬಣ್ಣವೆಲ್ಲ ಹೋಗಿ ಬೀದಿಯಲ್ಲಿ ಆಕಾಶದ ನೀಲಿ ಮತ್ತು ಹೆಡ್‌ಲೈಟಿನ ಮಸುಕು ಹಳದಿ, ಇವೆರಡೇ ಉಳಿಯುತ್ತವೆ. ಉಳಿದ ಹೊತ್ತು ಕ್ಯಾಮೆರಾ ಸಂಪೂರ್ಣ ಸ್ಥಿರ.

ಈ ದೃಶ್ಯದ ಭಾವವೆಲ್ಲ ಇಲ್ಲಿದೆ. ಯಾರೂ ಬೆಚ್ಚುವುದಿಲ್ಲ, ಯಾರೂ ತಲೆಯೆತ್ತಿ ಬಲ್ಬು ನೋಡುವುದಿಲ್ಲ. ಕೊಡೆ ಹಿಡಿದ ಹೆಂಗಸರ ನಡಿಗೆ ತಪ್ಪುವುದಿಲ್ಲ. ಕ್ಯಾಮೆರಾ ಅವರನ್ನು ದಾಟಿ ಬಂದಿರುವುದರಿಂದ ಅವರ ಮಾತಿನ ಸದ್ದು ಮಾತ್ರ ಹಿಂದಿನಿಂದ ಕೇಳುತ್ತದೆ. ಕೂಲಿಯಾಳು ಜಗಲಿ ಹತ್ತಿ ಕಂಬಳಿ ಕೊಡವುತ್ತಾನೆ. ಬಲಬದಿಯ ಹುಡುಗನೊಬ್ಬ ಸೂರಂಚಿನಿಂದ ಧಾರೆಯಾಗಿ ಬೀಳುವ ನೀರಿಗೆ ಬಕೆಟ್ ಸರಿಸಿ ಇಡುತ್ತಾನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯ ಜೊತೆಗೇ ಬದುಕುವ ಜನರ ನಿಶ್ಚಿಂತೆ ಅವರ ಮೈಯಲ್ಲಿ ಕಾಣಬೇಕು. ವಿರಹ ಬೇಡ, ಮಳೆಯಲ್ಲಿ ಕೈಚಾಚಿ ಸುತ್ತುವ ನಾಯಕಿ ಬೇಡ, ಕಣ್ಣೀರಿನ ಕ್ಲೋಸಪ್ ಬೇಡ. ಮಲೆನಾಡಿನ ಮಳೆಯನ್ನು ಪೋಸ್ಟ್‌ಕಾರ್ಡ್ ಮಾಡಿ ಮಾರುವ ಚಿತ್ರಗಳು ಈಗಾಗಲೇ ಸಾಕಷ್ಟಿವೆ. ಇಲ್ಲಿ ಬೇಕಿರುವುದು ಮಳೆಯಲ್ಲಿ ನಡೆಯುವ ಕೆಲಸ, ವ್ಯಾಪಾರ, ಮನೆಗೆ ಹೊರಟ ಕಾಲುಗಳು.

ಮೂರನೆಯ ತುಣುಕು, 16ರಿಂದ 24 ಸೆಕೆಂಡ್. ಕ್ಯಾಮೆರಾ ಅದೇ ಎತ್ತರದಿಂದ ನಿಧಾನವಾಗಿ ಎಡಕ್ಕೆ ಪ್ಯಾನ್ ಆಗಿ, ಮೂರು ಸೆಕೆಂಡಿನಲ್ಲಿ ಜಿನಸಿ ಅಂಗಡಿಯ ಮೇಲೆ ನಿಲ್ಲುತ್ತದೆ. ನಡುವೆ ಸೂರಿನ ನೀರು ಪರದೆಯಂತೆ ಇಳಿಯುತ್ತಿದೆ. ಫೋಕಸ್ ಮೊದಲು ಆ ನೀರಿನ ಮೇಲೆ, ಆಮೇಲೆ ಅದರಾಚೆಗಿನ ಅಂಗಡಿಯವರ ಮೇಲೆ. ಸುಮಾರು 60 ವರ್ಷದ ಗಂಡಸು, ಬಿಳಿ ಅಂಗಿ, ಪಂಚೆ, ಹೆಗಲ ಮೇಲೆ ಟವೆಲ್. ಅವರು ಕೈಯಾಡಿಸಿ ಲಾಟೀನು ತೆಗೆದು ಕಡ್ಡಿ ಗೀರುತ್ತಾರೆ. ಬತ್ತಿ ಹತ್ತಿಕೊಂಡಾಗ ಸುಮಾರು 1900 ಕೆಲ್ವಿನ್‌ನ ಕೆಂಪುಹಳದಿ ಬೆಳಕು ಕೆಳಗಿನಿಂದ ಅವರ ಗಲ್ಲ, ಮೀಸೆ, ತಕ್ಕಡಿಯ ಹಿತ್ತಾಳೆಯ ಮೇಲೆ ಬೀಳುತ್ತದೆ. ಗಾಜಿನ ಚಿಮಣಿ ಇಳಿಸಿದ ಮೇಲೆ ಬೆಳಕು ನಿಲುಗಡೆಗೆ ಬರುತ್ತದೆ. ಜಗಲಿಯಲ್ಲಿ ಕಾದು ನಿಂತ ಗಿರಾಕಿಗೆ ಅವರು ಅಕ್ಕಿ ಅಳೆಯುವುದನ್ನು ಬಿಟ್ಟಲ್ಲಿಂದ ಮುಂದುವರಿಸುತ್ತಾರೆ. ಬೆರಳುಗಳು ವಿರೂಪಗೊಳ್ಳದಂತೆ ಕೈಗಳನ್ನು ಅರೆನೆರಳಿನಲ್ಲಿ ಇಡು.

ಧ್ವನಿ: ಸಂಗೀತವಿಲ್ಲ. ಹೆಂಚಿನ ಮೇಲೆ ಮಳೆಯ ಒತ್ತಾದ ಸದ್ದು, ತಗಡಿನ ಮೇಲೆ ಗಡುಸಾಗಿ, ಕೊಡೆಯ ಬಟ್ಟೆಯ ಮೇಲೆ ಮಂದವಾಗಿ. ಮೂರೂ ಬೇರೆಬೇರೆಯಾಗಿ ಕೇಳಬೇಕು. ಮೊದಲ ಹತ್ತು ಸೆಕೆಂಡ್ ಎಲ್ಲೋ ಒಳಗಿನಿಂದ ಹಿಟ್ಟಿನ ಗಿರಣಿಯ ಸದ್ದು. ಕರೆಂಟು ಹೋದ ಕೂಡಲೇ ಅದು ಕಡಿದು ನಿಲ್ಲದೆ, ಬೆಲ್ಟು ಸುತ್ತು ಕಳೆದುಕೊಳ್ಳುತ್ತ ಮೂರು ಸೆಕೆಂಡಿನಲ್ಲಿ ಇಳಿದು ಅಡಗುತ್ತದೆ. ಆಮೇಲೆ ಬಸ್ಸಿನ ಎಂಜಿನ್, ಚರಂಡಿಯ ನೀರು, ಕಡ್ಡಿ ಗೀರಿದ ಸದ್ದು. ಸಂಭಾಷಣೆ ಸ್ಪಷ್ಟವಾಗಿ ಕೇಳಿಸಬಾರದು.

ಬೇಡವಾದವು: ನಿಯಾನ್ ದೀಪ, ಎಲ್‌ಇಡಿ, ಫ್ಲೆಕ್ಸ್ ಬೋರ್ಡ್, ಮೊಬೈಲ್, ಬಣ್ಣದ ಕೊಡೆ, ಕಾಂಕ್ರೀಟ್ ಕಟ್ಟಡ, ಮಂಜಿನ ಹೊಗೆ, ಸ್ಲೋ ಮೋಷನ್, ಡ್ರೋನ್ ನೋಟ, ಲೆನ್ಸ್ ಮೇಲೆ ನೀರಹನಿ. ಸೂರಿನ ಕೆಳಗೆ, ಕೊಡೆಯ ಕೆಳಗೆ ಮಳೆ ಬೀಳಬಾರದು. ಕಾಲುಗಳು ನೆಲದ ಮೇಲೆ ಜಾರಿದಂತೆ ಕಾಣಬಾರದು. ಹೆಜ್ಜೆಯೂರಿದಲ್ಲಿ ನೀರು ಸಿಡಿಯಬೇಕು. ಅಂಗಡಿಗಳ ನಾಮಫಲಕ ಮತ್ತು ಬಸ್ಸಿನ ಊರಿನ ಬೋರ್ಡನ್ನು ಫೋಕಸ್‌ನಿಂದ ಹೊರಗೆ, ಅಕ್ಷರ ಓದಲಾಗದಂತೆ ಇಡು. ಕನ್ನಡ ಅಕ್ಷರದಂತೆ ಕಾಣುವ ಅರ್ಥವಿಲ್ಲದ ಗೀಚು ಒಂದು ಫ್ರೇಮಿನಲ್ಲಿಯೂ ಇರಕೂಡದು. ಬೇಕಾದ ಫಲಕಗಳನ್ನು ಸಂಕಲನದ ಹಂತದಲ್ಲಿ ಸೇರಿಸಲಾಗುತ್ತದೆ.