ಅಕ್ಷತಾಗೆ, ಚೌಕಾಬಾರದ ಬಟ್ಟೆಯ ಜೊತೆ

ಕೊಪ್ಪಳ

ಪ್ರೀತಿಯ ಅಕ್ಷತಾ,

ಮೊದಲು ಪತ್ರ ಓದು, ಆಮೇಲೆ ಚೀಲ ಬಿಚ್ಚು. ನೀನು ಚೀಲವನ್ನೇ ಮೊದಲು ಬಿಚ್ಚುತ್ತೀಯ ಅಂತ ನನಗೆ ಗೊತ್ತು. ಇರಲಿ, ಆದರೆ ಮೆಲ್ಲಗೆ ಬಿಚ್ಚು. ಒಳಗೆ ಬೀಜಗಳಿವೆ. ಮೈಸೂರಿಗೆ ಹೋಗುವ ರೈಲಿನಲ್ಲಿ ಬಿಚ್ಚಿ ಸೀಟಿನ ಕೆಳಗೆ ಉರುಳಿದರೆ ಸಿಗುವುದಿಲ್ಲ.

ಇದು ನಮ್ಮ ಚೌಕಾಬಾರ. ಶಾಲೆಯ ಬೇವಿನ ಕಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದೆವಲ್ಲ, ಅದೇ. ಮಳೆ ಬಂದರೆ ಅಳಿಸಿ ಹೋಗುತ್ತಿತ್ತು. ಐದನೇ ತರಗತಿ ಹುಡುಗರು ಬೇಕಂತಲೇ ಅದರ ಮೇಲೆ ಕೂರುತ್ತಿದ್ದರು. ಇದನ್ನು ಯಾರೂ ಅಳಿಸಲಾರರು, ಯಾಕಂದ್ರೆ ದಾರದಲ್ಲಿ ಹೊಲಿದಿದ್ದೇನೆ. ಅಮ್ಮ ಕುಪ್ಪಸ ಹೊಲಿಸಿದಾಗ ಉಳಿದಿದ್ದ ಹಸಿರು ಬಟ್ಟೆ ಇದು. ಅಡ್ಡ ಐದು, ಉದ್ದ ಐದು, ಒಟ್ಟು 25 ಮನೆ. ಗೆರೆಗಳಿಗೆ ಕೆಂಪು ದಾರ, ಕಟ್ಟೆಗಳ ಅಡ್ಡಗೀಟಿಗೆ ಹಳದಿ ದಾರ. ಎಡಗಡೆಯ ಗೆರೆಗಳನ್ನು ಅಜ್ಜಿ ಹಾಕಿಕೊಟ್ಟರು, ಅದಕ್ಕೇ ಅವು ನೆಟ್ಟಗಿವೆ. ಉಳಿದದ್ದೆಲ್ಲ ನಾನೇ ಹೊಲಿದದ್ದು. ಮಡಚಿದರೆ ಕಂಪಾಸ್ ಬಾಕ್ಸಿನಲ್ಲಿ ಹಿಡಿಸುತ್ತದೆ. ನಡುವಿನ ಮನೆಯ ಹಿಂಬದಿ ತಿರುಗಿಸಿ ನೋಡು, ನಿನ್ನ ಹೆಸರಿನ ಮೊದಲ ಅಕ್ಷರ, ನನ್ನ ಹೆಸರಿನ ಮೊದಲ ಅಕ್ಷರ ಎರಡೂ ಇವೆ.

ಆಟಕ್ಕೆ ಹುಣಸೆ ಬೀಜ ನಾಲ್ಕು ಸಾಕು. ನಾನು ಆರು ಇಟ್ಟಿದ್ದೇನೆ, ಎರಡು ಕಳೆದರೂ ಆಟ ನಿಲ್ಲಬಾರದು ಅಂತ. ನಮ್ಮ ಹಿತ್ತಲ ಬಂಡೆಗೆ ತಿಕ್ಕಿದ್ದು. ತಿಕ್ಕುತ್ತಾ ಹೋದರೆ ಮೊದಲು ಹೊಳಪು ಹೋಗುತ್ತದೆ, ಆಮೇಲೆ ಕೆಂಪು ಪುಡಿ ಉದುರುತ್ತದೆ, ಆಮೇಲೆ ನಡುವೆ ಬಿಳಿ ಚುಕ್ಕೆ ಕಾಣಿಸಿ ಅದು ದೊಡ್ಡದಾಗುತ್ತಾ ಬರುತ್ತದೆ. ಬೀಜ ಎಷ್ಟು ಬಿಸಿಯಾಗುತ್ತದೆ ಅಂತ ನಿನಗೆ ಗೊತ್ತಲ್ಲ! ಆ ಬಿಸಿ ಬೀಜವನ್ನು ನನ್ನ ಮೊಣಕೈಗೆ ಮುಟ್ಟಿಸಿ ಗೇಟಿನವರೆಗೂ ಓಡಿದ್ದೆ ನೀನು. ಈ ಸಲ ತಿಕ್ಕುವಾಗ ಪಕ್ಕದಲ್ಲಿ ಯಾರೂ ಇರಲಿಲ್ಲ. ಸುಮ್ನೆ ನನ್ನ ಕೈಗೇ ಮುಟ್ಟಿಸಿಕೊಂಡೆ.

ಕಿನ್ನಾಳಕ್ಕೆ ಹೋಗಿದ್ದಾಗ ಚಿತ್ರಗಾರರ ಮನೆಯಲ್ಲಿ ಹುಣಸೆ ಬೀಜದ ಅಂಟು ನೋಡಿದ್ದೆವು, ನೆನಪಿದೆಯಾ? ಬೀಜ ಅರೆದು ಅಂಟು ಮಾಡಿ ಅದರಿಂದ ಗೊಂಬೆಯ ಕೈಕಾಲು ಕೂಡಿಸುತ್ತಿದ್ದರು. ನಿನಗೆ ಕಿನ್ನಾಳದ ಗೊಂಬೆಯನ್ನೇ ಕೊಡೋಣ ಅಂತ ಅಪ್ಪ ಹೇಳಿದ್ದರು. ಗೊಂಬೆ ಚೆಂದವೇ. ಆದರೆ ಅದನ್ನು ಶೋಕೇಸಿನಲ್ಲಿ ಇಡುತ್ತಾರೆ, ಮುಟ್ಟಬೇಡ ಅನ್ನುತ್ತಾರೆ. ನನಗೆ ನೀನು ದಿನಾ ಮುಟ್ಟುವಂಥದ್ದು ಕೊಡಬೇಕಿತ್ತು.

ಚೀಲದಲ್ಲಿ ನಾಲ್ಕು ನೀಲಿ ಗುಂಡಿಗಳಿವೆ. ಅವು ನನ್ನ ಹಳೆಯ ಯೂನಿಫಾರ್ಮಿನವು, ಅವೇ ನಿನ್ನ ಕಾಯಿ. ಇನ್ನೊಬ್ಬರಿಗೆ ಅಂತ ಕೋಟೆ ಬೆಟ್ಟದ ಬುಡದಲ್ಲಿ ಆರಿಸಿದ ನಾಲ್ಕು ಸಣ್ಣ ಕಲ್ಲು ಇಟ್ಟಿದ್ದೇನೆ. ಮೈಸೂರಿನಲ್ಲಿ ಯಾರ ಜೊತೆ ಆಡುತ್ತೀಯೋ ಅವರಿಗೆ ಕೊಡು. ನಿನ್ನ ಎದುರಿಗೆ ಬೇರೆ ಯಾರೋ ಕೂರುತ್ತಾರೆ ಅಂತ ನೆನೆದರೆ ನನಗೆ ಸ್ವಲ್ಪ ಬೇಜಾರಾಗುತ್ತದೆ. ಆದರೆ ನೀನು ಒಬ್ಬಳೇ ಕೂತಿದ್ದೀಯ ಅಂತ ನೆನೆದರೆ ಅದಕ್ಕಿಂತ ಜಾಸ್ತಿ ಬೇಜಾರಾಗುತ್ತದೆ. ಅದಕ್ಕೇ ಕಲ್ಲು ಇಟ್ಟಿದ್ದು. ಏಳನೇ ತರಗತಿಯ ಮೊದಲ ದಿನ ಊಟದ ಬಿಡುವಿನಲ್ಲಿ ಬಟ್ಟೆ ಹಾಸಿ ಕೂತುಬಿಡು. ಆಡಲು ಯಾರಾದರೂ ಬಂದೇ ಬರುತ್ತಾರೆ.

ನಿನ್ನ ಮಾತು ಕೇಳಿ ಅಲ್ಲಿ ಯಾರಾದರೂ ನಕ್ಕರೆ ಸುಮ್ಮನಾಗಬೇಡ. "ಹೌದಲ್ಲ", "ಬರ್ತೀನಿ ತಡಿ" ಅಂತ ನೀನು ಎಳೆದು ಹೇಳುವುದು ನನಗೆ ಬಹಳ ಇಷ್ಟ. ಅವರ ಮಾತನ್ನೂ ಕಲಿ, ನಮ್ಮದನ್ನೂ ಇಟ್ಟುಕೋ. ರಜೆಗೆ ಬಂದಾಗ ನನ್ನ ಜೊತೆ ನಮ್ಮ ಕೊಪ್ಪಳದ ಮಾತಿನಲ್ಲೇ ಜಗಳ ಆಡಬೇಕು.

ನೀನಿಲ್ಲದೆ ಬಿಸಿಯೂಟದ ಸಾಲಿನಲ್ಲಿ ನನ್ನ ಮುಂದೆ ಯಾರು ನಿಲ್ಲುತ್ತಾರೋ ಗೊತ್ತಿಲ್ಲ. ಲೆಕ್ಕದ ಸರ್ ಮೇಲಿನ ಬೆಂಚಿಗೆ ಬಾ ಅಂದಿದ್ದಾರೆ. ಹೋಗುವುದಿಲ್ಲ ಅಂದಿದ್ದೇನೆ. ಒಗ್ಗರಣೆ ಮಿರ್ಚಿ ತಿಂದ ಮೇಲೆ ಕೈ ಒರೆಸಿಕೊಳ್ಳಲು ನನ್ನ ಹತ್ತಿರ ನಿನ್ನ ಕರ್ಚೀಫ್ ಒಂದು ಉಳಿದಿದೆ. ಅದನ್ನು ವಾಪಸ್ ಕೊಡುವುದಿಲ್ಲ.

ಈಗ ಮುಖ್ಯ ವಿಷಯ. ನಮ್ಮ ಕೊನೆಯ ಆಟ ಬೆಲ್ ಹೊಡೆದು ಅರ್ಧಕ್ಕೇ ನಿಂತಿತ್ತು. ಎಲ್ಲಿ ನಿಂತಿತು ಅಂತ ನಾನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ನಿನ್ನವು ಮೂರು ಹಣ್ಣಾಗಿವೆ, ಒಂದು ಒಳಗಿನ ಸುತ್ತಿನಲ್ಲಿದೆ. ನನ್ನವು ಎರಡು ಹಣ್ಣಾಗಿವೆ, ಎರಡು ಇನ್ನೂ ಹೊರಗಿವೆ. ಸರದಿ ನಿನ್ನದು. ಚೀಲದಲ್ಲಿ ನನ್ನ ವಿಳಾಸ ಬರೆದ ಪೋಸ್ಟ್ ಕಾರ್ಡುಗಳಿವೆ. ಅಲ್ಲಿ ಬೀಜ ಹಾಕಿ ಎಷ್ಟು ಬಿತ್ತು, ಯಾವ ಕಾಯಿ ನಡೆಸಿದೆ ಅಂತ ಬರೆದು ಕಳಿಸು. ನಾನು ಇಲ್ಲಿ ಹಾಕಿ ಉತ್ತರ ಬರೆಯುತ್ತೇನೆ. ಆಟ ಮುಗಿಯಲು ತಿಂಗಳುಗಟ್ಟಲೆ ಹಿಡಿಯಬಹುದು, ಹಿಡಿಯಲಿ. "ಅಕಿ ಸುಳ್ಳು ಬರದ್ರ ಏನ್ ಮಾಡ್ತಿ?" ಅಂತ ತಮ್ಮ ಕೇಳಿದ. ಅಕ್ಷತಾ ಬರೆಯುವುದಿಲ್ಲ ಅಂದೆ.

ಇನ್ನೊಂದು. ದಸರಾ ಬಂದಾಗ ನೀನು ಮೈಸೂರಿನಲ್ಲಿ ಜಂಬೂಸವಾರಿ ನೋಡುತ್ತೀಯ. ಆನೆ ಹತ್ತಿರದಿಂದ ಕಂಡರೆ ಹೇಗಿತ್ತು ಅಂತ ಪೂರ್ತಿ ಬರೆಯಬೇಕು, ಬರೀ ಚೆನ್ನಾಗಿತ್ತು ಅಂದರೆ ಆಗಲ್ಲ. ನಾನು ಕವರಿನಲ್ಲಿ ಬನ್ನಿ ಎಲೆ ಹಾಕಿ ಕಳಿಸುತ್ತೇನೆ. ಅಷ್ಟರಲ್ಲಿ ಒಣಗಿರುತ್ತದೆ, ಪರವಾಗಿಲ್ಲ. ಬನ್ನಿ ತಗೊಂಡು ಬಂಗಾರದಂಗ ಇರೋಣ.

ಜನವರಿಯಲ್ಲಿ ಗವಿಮಠದ ಜಾತ್ರೆಗೆ ಬರಲು ನಿಮ್ಮ ಅಪ್ಪನನ್ನು ಈಗಿನಿಂದಲೇ ಕೇಳು. ಹಂಪಿ ಎಕ್ಸ್‌ಪ್ರೆಸ್ ಮೈಸೂರಿನಿಂದ ಸೀದಾ ಕೊಪ್ಪಳಕ್ಕೇ ಬರುತ್ತದಂತೆ, ಎಲ್ಲೂ ಗಾಡಿ ಬದಲಿಸುವುದು ಬೇಡ. ನಮ್ಮ ಮನೆಯಲ್ಲೇ ಉಳಿಯಬೇಕು ಅಂತ ಅಮ್ಮ ನಿಮ್ಮ ಅಮ್ಮನಿಗೆ ಆಗಲೇ ಹೇಳಿದ್ದಾರೆ. ತೇರು ಎಳೆಯುವ ದಿನ ಉತ್ತತ್ತಿ ಎಸೆಯೋಣ. ದಾಸೋಹದ ಸಾಲಿನಲ್ಲಿ ನೀನು ಮುಂದೆ, ನಾನು ಹಿಂದೆ.

ನಿನ್ನ ಗೆಳತಿ,
ರೇಣುಕಾ
ಆರನೇ ತರಗತಿ, ಎರಡನೇ ಬೆಂಚು

(ಚೀಲದೊಳಗಿನ ಚೀಟಿ)

ಈ ಕಲ್ಲು ಹಿಡಿದು ಅಕ್ಷತಾಳ ಎದುರು ಕೂತವರಿಗೆ,

ನಮಸ್ಕಾರ. ನಿಮ್ಮೂರಿನಲ್ಲೂ ಚೌಕಾಬಾರ ಆಡುತ್ತೀರಂತೆ. ನಿಯಮ ಬೇರೆ ಇರಬಹುದು, ಅದಕ್ಕೇ ನಮ್ಮದನ್ನು ಬರೆದಿದ್ದೇನೆ. ನಾಲ್ಕು ಬೀಜ ಹಾಕಿ, ಬಿಳಿ ಎಷ್ಟು ಕಾಣುತ್ತವೋ ಅಷ್ಟು ಮನೆ ನಡೆಯಿರಿ. ನಾಲ್ಕೂ ಬಿಳಿ ಬಿದ್ದರೆ ಚೌಕಾ, ನಾಲ್ಕು ಮನೆ. ಒಂದೂ ಬಿಳಿ ಇಲ್ಲದಿದ್ದರೆ ಬಾರಾ, ಎಂಟು ಮನೆ. ಎರಡಕ್ಕೂ ಮತ್ತೊಂದು ಸಲ ಹಾಕಬಹುದು. ಹಳದಿ ಗೀಟಿನ ಕಟ್ಟೆಯಲ್ಲಿ ಕೂತ ಕಾಯಿಯನ್ನು ಕಡಿಯುವಂತಿಲ್ಲ. ಎದುರಿನವರ ಒಂದು ಕಾಯಿಯನ್ನಾದರೂ ಕಡಿಯದೆ ಒಳಗಿನ ಸುತ್ತಿಗೆ ಹೋಗುವಂತಿಲ್ಲ. ನಡುವಿನ ಮನೆ ಸೇರಿದರೆ ಕಾಯಿ ಹಣ್ಣಾಯಿತು.

ಅಕ್ಷತಾ ಸೋಲುತ್ತಾ ಬಂದರೆ ಮಾತಾಡುವುದನ್ನು ನಿಲ್ಲಿಸುತ್ತಾಳೆ. ಅದು ಸಿಟ್ಟಲ್ಲ, ಯೋಚನೆ ಮಾಡುತ್ತಿರುತ್ತಾಳೆ. ಸ್ವಲ್ಪ ಕಾಯಿರಿ. ಅವಳಿಗೆ ಕಡಲೆ ಚಿಕ್ಕಿ ಇಷ್ಟ. ಅವಳನ್ನು ಚೆನ್ನಾಗಿ ನೋಡಿಕೊಳ್ಳಿ.

ರೇಣುಕಾ