ನಿಹಾಲ್‌ನ ಹೊಸ ಕನ್ನಡಕ ಮತ್ತು ಕೂರುವ ಜಾಗದ ಬಗ್ಗೆ

ದಿನಾಂಕ: 14 ಜುಲೈ 2025

ಇವರಿಗೆ,
ತರಗತಿ ಶಿಕ್ಷಕಿಯವರು
4ನೇ ತರಗತಿ, ಬಿ ವಿಭಾಗ

ಮೇಡಂ, ನಮಸ್ಕಾರ.

ನಿಹಾಲ್ ಬೋರ್ಡ್ ನೋಡಿ ಬರೆಯುವಾಗ ತುಂಬಾ ತಪ್ಪು ಮಾಡುತ್ತಾನೆ, ಪಕ್ಕದವರ ಪುಸ್ತಕಕ್ಕೆ ಇಣುಕುತ್ತಾನೆ ಎಂದು ನೀವು ಡೈರಿಯಲ್ಲಿ ಬರೆದಿದ್ದಿರಿ. ಅದನ್ನು ನೋಡಿಯೇ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ನೀವು ಗಮನಿಸಿದ್ದು ಒಳ್ಳೆಯದಾಯಿತು. ಅವನಿಗೆ ಎರಡೂ ಕಣ್ಣಿನಲ್ಲಿ ಸಿಲಿಂಡರ್ ಪವರ್ ಜಾಸ್ತಿ ಇದೆ, ಅಂದರೆ ಕಣ್ಣಿನ ಬಾಗು ಎಲ್ಲ ದಿಕ್ಕಿಗೂ ಒಂದೇ ಸಮ ಇಲ್ಲದೆ ಅಕ್ಷರ ಮಂಜಾಗಿ ಕಾಣುತ್ತದೆ. ಇವತ್ತಿನಿಂದ ಕನ್ನಡಕ ಹಾಕಿಕೊಂಡು ಬರುತ್ತಾನೆ. ಜೊತೆಗೆ ಸ್ವಲ್ಪ ದಿನ ಅವನನ್ನು ಬೋರ್ಡಿಗೆ ಹತ್ತಿರ, ಮುಂದೆ ಕೂರಿಸಿ ಎಂದು ಕೇಳಲು ಈ ಪತ್ರ.

ಅವನ ನೋಟ್ಸ್ ತೆಗೆದು ನೋಡಿದರೆ ವಿಷಯ ಗೊತ್ತಾಗುತ್ತದೆ. 36 ಇರಬೇಕಾದ ಕಡೆ 86 ಇದೆ. ಥ ಬರೆಯಬೇಕಾದಲ್ಲಿ ಧ ಬರೆದಿದ್ದಾನೆ. ಆದರೆ ಲೆಕ್ಕ ಮಾಡಿದ ಕ್ರಮ ಸರಿಯಾಗಿಯೇ ಇದೆ. ಮಂಜಾಗಿ ಕಂಡದ್ದನ್ನು ಊಹೆ ಮಾಡಿ ಬರೆದಿದ್ದಾನೆ, ಅಷ್ಟೇ.

ಕನ್ನಡಕ ಬಂದಮೇಲೂ ಮುಂದೆ ಯಾಕೆ ಕೂರಿಸಬೇಕು ಅಂತ ನಿಮಗೆ ಅನಿಸಬಹುದು. ನಾವೂ ಡಾಕ್ಟರನ್ನು ಅದನ್ನೇ ಕೇಳಿದೆವು. ಇಷ್ಟು ದಿನ ಕಣ್ಣಿಗೆ ಸ್ಪಷ್ಟ ಚಿತ್ರವೇ ಸಿಗದೆ ಇದ್ದದ್ದರಿಂದ ಸರಿಯಾಗಿ ನೋಡುವುದು ಅವನ ಮೆದುಳಿಗೆ ಇನ್ನೂ ರೂಢಿಯಾಗಿಲ್ಲವಂತೆ. ಈಗ ಕನ್ನಡಕ ಹಾಕಿಕೊಂಡರೂ ಅವನ ದೃಷ್ಟಿ 6/12. ಅಂದರೆ ಉಳಿದವರು 12 ಮೀಟರ್ ದೂರದಿಂದ ಓದುವ ಅಕ್ಷರವನ್ನು ಇವನು 6 ಮೀಟರ್ ಹತ್ತಿರ ಹೋಗಿ ಓದಬೇಕು. ಬಿಡದೆ ಕನ್ನಡಕ ಹಾಕುತ್ತಾ ಹೋದರೆ ಕೆಲವು ತಿಂಗಳಲ್ಲಿ ನಿಧಾನಕ್ಕೆ ಸುಧಾರಿಸುತ್ತದೆ ಎಂದಿದ್ದಾರೆ. ಅಕ್ಟೋಬರ್‌ನಲ್ಲಿ ಮತ್ತೆ ಪರೀಕ್ಷೆ ಇದೆ.

ಹಾಗಾಗಿ ಅಲ್ಲಿಯವರೆಗೆ ಅವನನ್ನು ಮಧ್ಯದ ಸಾಲಿನಲ್ಲಿ, ಎರಡನೇ ಬೆಂಚಿನಲ್ಲಿ ಕೂರಿಸಿದರೆ ಉಪಕಾರವಾಗುತ್ತದೆ. ಮೊದಲನೇ ಬೆಂಚೇ ಬೇಕೆಂದು ಕೇಳುತ್ತಿಲ್ಲ. ಇವನು ಎತ್ತರದ ಹುಡುಗ, ಹಿಂದೆ ಕೂತ ಮಕ್ಕಳಿಗೆ ಬೋರ್ಡೇ ಕಾಣದಂತಾಗುತ್ತದೆ ಅಲ್ವಾ? ಬೆಂಚಿನ ತುದಿಯಲ್ಲಿ, ಓಡಾಡುವ ದಾರಿಯ ಪಕ್ಕ ಕೂರಿಸಿದರೆ ಆ ತೊಂದರೆ ಸ್ವಲ್ಪ ಕಡಿಮೆಯಾಗಬಹುದು. ಕಿಟಕಿ ಪಕ್ಕದ ಸಾಲು ಮಾತ್ರ ಬೇಡ. ಓರೆಯಿಂದ ನೋಡುವಾಗ ಬೋರ್ಡ್ ಮೇಲೆ ಬೆಳಕು ಬಿದ್ದು ಹೊಳೆಯುತ್ತದೆ, ಅಕ್ಷರ ಸರಿಯಾಗಿ ಕಾಣುವುದಿಲ್ಲ. ತಿಂಗಳಿಗೊಮ್ಮೆ ಜಾಗ ಬದಲಿಸುವಾಗಲೂ ಇದೊಂದನ್ನು ನೆನಪಿನಲ್ಲಿಟ್ಟುಕೊಳ್ಳಿ.

ಹಿಂದಿನ ಬೆಂಚಿನ ಗೆಳೆಯರನ್ನು ಬಿಟ್ಟು ಬರಲು ಅವನಿಗೆ ಮನಸ್ಸಿಲ್ಲ. "ಅಲ್ಲಿಂದಲೂ ಚೆನ್ನಾಗಿ ಕಾಣುತ್ತೆ ಮಿಸ್" ಅಂತ ನಿಮ್ಮ ಹತ್ತಿರ ಬರಬಹುದು. ದಯವಿಟ್ಟು ನಂಬಬೇಡಿ!

ಸ್ನಾನ, ನಿದ್ದೆ ಬಿಟ್ಟರೆ ಇಡೀ ದಿನ ಕನ್ನಡಕ ಹಾಕಿರಬೇಕು. ತೆಗೆದು ಕಂಪಾಸ್ ಬಾಕ್ಸ್‌ನಲ್ಲಿ ಇಟ್ಟುಕೊಂಡಿದ್ದರೆ ಹಾಕಿಕೋ ಎಂದು ಮೆಲ್ಲಗೆ ಹೇಳಿ. ಮೊದಲ ಒಂದೆರಡು ವಾರ ನೆಲ ಒಂದು ಕಡೆ ವಾಲಿದಂತೆ ಕಾಣಬಹುದು, ತಲೆನೋವೂ ಬರಬಹುದು. ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದುಕೊಳ್ಳಲು ಹೇಳಿದ್ದೇವೆ. ಎರಡು ವಾರ ಕಳೆದಮೇಲೂ ತಲೆನೋವು ಅಂದರೆ ನಮಗೆ ತಿಳಿಸಿ, ಪವರ್ ಮತ್ತೆ ನೋಡಿಸುತ್ತೇವೆ.

ಸಿಲಿಂಡರ್ ಪವರ್ ಒಂದು ನಿರ್ದಿಷ್ಟ ಕೋನದಲ್ಲಿ ಕೂರಬೇಕಂತೆ. ಫ್ರೇಮ್ ಬಗ್ಗಿ ಕನ್ನಡಕ ಸೊಟ್ಟಗಾದರೆ ಕಾಣುವುದೂ ಕೆಡುತ್ತದೆ. ಹಾಗೇನಾದರೂ ಕಂಡರೆ ಡೈರಿಯಲ್ಲಿ ಒಂದು ಸಾಲು ಬರೆಯಿರಿ, ಅದೇ ದಿನ ಸರಿ ಮಾಡಿಸುತ್ತೇವೆ. ಸುಲಭಕ್ಕೆ ಒಡೆಯದ ಪ್ಲಾಸ್ಟಿಕ್ ಲೆನ್ಸ್ ಹಾಕಿಸಿದ್ದೇವೆ. ಓಡುವ ಆಟಕ್ಕೆ ಹಿಂದಿನಿಂದ ಕಟ್ಟುವ ಪಟ್ಟಿ ಬ್ಯಾಗಿನಲ್ಲಿದೆ. ಕಬಡ್ಡಿಯಂಥ ಮೈಮೇಲೆ ಬೀಳುವ ಆಟಕ್ಕೆ ಮಾತ್ರ ತೆಗೆದು ಡಬ್ಬಿಯಲ್ಲಿ ಇಡಲಿ. ಪಿ.ಟಿ. ಸರ್‌ಗೂ ಇದನ್ನು ಹೇಳಿಬಿಡಿ.

ಇನ್ನೊಂದು ವಿಷಯ. ಅವನಿಗೆ ಪವರ್‌ಗಿಂತ ದೊಡ್ಡ ಚಿಂತೆ "ಸೋಡಾಬುಡ್ಡಿ" ಅನ್ನುವ ಹೆಸರಿನದು. ಪಕ್ಕದ ಮನೆ ಹುಡುಗ ಆಗಲೇ ಒಮ್ಮೆ ಕರೆದಾಗಿದೆ. ಇಡೀ ತರಗತಿಯ ಮುಂದೆ ನಿಲ್ಲಿಸಿ ವಿವರಿಸುವುದು ಬೇಡ, ಅವನು ನಾಚಿಕೊಳ್ಳುತ್ತಾನೆ. ಸುಮ್ನೆ ಮಾಮೂಲಿ ಹಾಗೆ ಇದ್ದುಬಿಟ್ಟರೆ ಸಾಕು. ಯಾರಾದರೂ ಹೆಸರಿಟ್ಟು ಕರೆದರೆ ಅವರಿಗೆ ಮಾತ್ರ ಬೇರೆಯಾಗಿ ಹೇಳಿ.

ಕಿರುಪರೀಕ್ಷೆಯ ಪ್ರಶ್ನೆಗಳನ್ನು ಬೋರ್ಡ್ ಮೇಲೆ ಬರೆದಾಗ ಕಾಣದಿದ್ದರೆ ಎದ್ದು ಹತ್ತಿರ ಹೋಗಿ ನೋಡಲು ಬಿಡಿ. ಸದ್ಯಕ್ಕೆ ನೋಟ್ಸ್ ಮುಗಿಸಲು ಅವನಿಗೆ ಐದು ನಿಮಿಷ ಜಾಸ್ತಿ ಬೇಕಾಗಬಹುದು. ಉಳಿದದ್ದನ್ನು ಮನೆಯಲ್ಲಿ ನಾನು ಕೂತು ಬರೆಸುತ್ತೇನೆ. ಹೋಂವರ್ಕ್‌ನಲ್ಲಿ ಏನೂ ರಿಯಾಯಿತಿ ಬೇಡ.

ಡಾಕ್ಟರು ಕೊಟ್ಟ ಚೀಟಿಯ ಪ್ರತಿ ಇದರ ಜೊತೆ ಇಟ್ಟಿದ್ದೇನೆ. ಶನಿವಾರ ಶಾಲೆ ಬಿಡುವ ಹೊತ್ತಿಗೆ ಅವನನ್ನು ಕರೆದುಕೊಂಡು ಹೋಗಲು ನಾನೇ ಬರುತ್ತೇನೆ. ನಿಮಗೆ ಬಿಡುವಿದ್ದರೆ ಎರಡು ನಿಮಿಷ ಸಿಗುತ್ತೀರಾ? ಹೊಸ ಜಾಗ ಹೊಂದಿತೋ ಇಲ್ಲವೋ ಕೇಳಬೇಕಿತ್ತು.

ಇಂತಿ,
ನಿಹಾಲ್‌ನ ತಾಯಿ